ಗೋಡೆ ಮ್ಯಾಲಿನ ಮಂದಿಗೆ ತಿಳೀಬೇಕಾದ ಮಾತು: 'ಮಲ' ಅನ್ನೂದೋ, 'ಹೇಲು' ಅನ್ನೂದೋ?

ಬೆಟಗೇರಿ ಮಾಸ್ತರ

ಎಲ್ಲಾರಿಗೂ ನಮಸ್ಕಾರ್ರಿ. ನಾ ಗದಗ-ಬೆಟಗೇರಿಯಾವ, ಹೈಸ್ಕೂಲಿನಾಗ ಕನ್ನಡ ಕಲಸ್ತೀನಿ. ನಮ್ಮ ಓಣ್ಯಾಗ ನೇಕಾರ ಮನಿತನದ ಹತ್ತ ಹನ್ನೆರಡ ಮಂದಿ ರವಿವಾರ ಸಂಜಿಕ ಕೂಡಿ ಬೈಬಲ್ ಓದ್ತಾರ. ಅದರಾಗ ಮುದುಕರು ಭಾಳ. ಪುಸ್ತಕದ ಕನ್ನಡ ಅವರಿಗೆ ಕಿವಿಗೆ ಬೀಳತೈತಿ, ಒಳಗ ಇಳಿಯೂದಿಲ್ಲ. ಅದಕ್ಕ ಹಳೇ ಒಡಂಬಡಿಕೆಯ ಕೆಲವು ಕತಿಗಳನ್ನ ನಮ್ಮ ಕಡೆ ಆಡುಮಾತಿನಾಗ ಬರದ ಕೊಡ್ರಿ ಅಂತ ನನಗ ಹೇಳ್ಯಾರ. ನನಗ ಹೀಬ್ರೂ ಬರೂದಿಲ್ಲ. ಎರಡ ಮೂರ ಅನುವಾದ ಮುಂದ ಇಟ್ಟಕೊಂಡು ಬರೀಲಿಕ್ಕತ್ತೀನಿ.

ಈಗ ಎರಡನೇ ಅರಸುಗಳು 18ನೇ ಅಧ್ಯಾಯಕ್ಕ ಬಂದು ನಿಂತೀನಿ. ಅಶ್ಶೂರದ ಅರಸ ಸನ್ಹೇರೀಬನ ದಂಡು ಯೆರೂಸಲೇಮಿನ ಹೊರಗ ಬಂದೈತಿ. ಅವನ ಅಧಿಕಾರಿ ರಬ್ಷಾಕೆ ಅನ್ನಾವ ಅಗಸರ ಹೊಲದ ದಾರ್‍ಯಾಗ, ಮ್ಯಾಲಿನ ಕೊಳದ ಕಾಲಿವಿ ಹತ್ರ ನಿಂತು ಕೂಗಿ ಮಾತಾಡ್ತಾನ. 27ನೇ ವಚನದಾಗ ಅವ ಅಂತಾನ: ಈ ಗೋಡೆ ಮ್ಯಾಲೆ ಕುಂತ ಮಂದಿ ನಿಮ್ಮ ಕೂಡ ತಮ್ಮದನ್ನ ತಾವ ತಿಂದು, ತಮ್ಮದನ್ನ ತಾವ ಕುಡಿಯೂ ಹೊತ್ತು ಬರತೈತಿ. ಏನ ತಿಂದು, ಏನ ಕುಡದು ಅಂಬೂದ ಪ್ರಶ್ನಿ. ಒಂದ ಅನುವಾದದಾಗ 'ಮಲಮೂತ್ರ' ಅನ್ನೂ ಧಾಟಿ ಐತಿ, ಇನ್ನೊಂದ್ರಾಗ ಬರೇ 'ನೀರು' ಅನ್ನೂ ಅರ್ಥ ಬರತೈತಿ. ನಾ ಮೊದಲ ಬರದದ್ದು 'ಹೇಲು, ಉಚ್ಚಿ' ಅಂತ. ಓದಿ ತೋರಿಸಿದಾಗ ಒಬ್ಬ ಹಿರಿಯಾರು ಪುಸ್ತಕ ಮುಚ್ಚಿ ಕೆಳಗಿಟ್ರು. ಮೂಲದಾಗ ಖರೇನ ಇಷ್ಟ ಒರಟ ಐತೇನು, ಇಲ್ಲಾ ನಾನ ಒರಟ ಮಾಡೀನೇನು? ತಿಳದವರು ಹೇಳ್ರಿ.

ವರದಾ ದಂಡಿ

ಮಾಸ್ತರ, ತಗೀಬ್ಯಾಡ್ರಿ. ನಾ ಹಾವೇರಿಯಾವ. ನಮ್ಮ ಜಿಲ್ಲಾದಾಗ ಚೌಡಯ್ಯದಾನಪುರ ಐತಿ, ಅಂಬಿಗರ ಚೌಡಯ್ಯನ ಊರು. ಅವನ ವಚನದಾಗ ಬೈಗುಳ ಎಷ್ಟ ಅದಾವ ಅಂತ ಓದಿದವರಿಗೆ ಗೊತ್ತು. ನಮ್ಮ ಹುಡುಗ ಸಾಲ್ಯಾಗ ಒಂದ ಕಾರ್ಯಕ್ರಮಕ್ಕ ಅವನ ವಚನ ಬಾಯಿಪಾಠ ಮಾಡಿದ್ದ. ಹಿಂದಿನ ದಿವಸ ಆ ಸಾಲಿ ಮಂದಿ ಕರದು, ಒಂದ ಸಾಲು ಬಿಟ್ಟ ಓದು ಅಂದ್ರು. ಹುಡುಗ ವೇದಿಕೆ ಮ್ಯಾಲ ನಿಂತು ಆ ಸಾಲಿಗೆ ಬಂದಕೂಡ್ಲೆ ತಡವರಿಸಿ ಇಳದ ಬಂದ. ಆ ಸಾಲು ಹೋದ್ರ ಆ ವಚನದಾಗ ಸಿಟ್ಟ ಉಳಿಯೂದಿಲ್ಲ, ಸಿಟ್ಟ ಹೋದ್ರ ಚೌಡಯ್ಯ ಎಲ್ಲಿ ಉಳದ? ಮೂಲದಾಗ ಏನೈತೋ ಅದನ್ನ ಹಂಗ ಇಡ್ರಿ. ವಚನ ತಗದ ಒಗಿಯೂ ಅಧಿಕಾರ ನಿಮಗಿಲ್ಲ.

ಬೆಟಗೇರಿ ಮಾಸ್ತರ

ಅಣ್ಣಾರ, ವಚನ ತಗೀಬೇಕಂತ ನಾ ಅಂದಿಲ್ರಿ. ವಚನ ಇಡತೀನಿ. ಅದರಾಗ ಯಾವ ಶಬ್ದ ಹಾಕೂದು ಅಂಬೂದ ನನ್ನ ತೊಡಕು. ಚೌಡಯ್ಯ ಬರದದ್ದು ಕನ್ನಡದಾಗ. ಅಲ್ಲೆ ಇದ್ದದ್ದನ್ನ ಇಡೂದು ಇಲ್ಲಾ ಬಿಡೂದು, ಎರಡ ದಾರಿ. ಇಲ್ಲೆ ನಾನ ಆರಿಸಬೇಕು.

ಸಾಧನಕೇರಿ ಓದುಗಿ

ಮಾಸ್ತರ, ನೀವು ಒರಟು ಮಾಡಿಲ್ಲ. ನಾನು ಹಲವು ವರ್ಷ ಹೀಬ್ರೂ ಕಲಿಸಿದವಳು, ಈಗ ಧಾರವಾಡದಲ್ಲಿ ಮನೆಯಲ್ಲೇ ಇದ್ದೀನಿ. ನೀವು ಹಿಡಿದ ಈ ಒಂದು ವಚನ ಇಡೀ ವಿಷಯಕ್ಕೆ ಒಳ್ಳೆ ಬಾಗಿಲು. ಸ್ವಲ್ಪ ಉದ್ದ ಬರೀತೀನಿ, ಸಹಿಸಿಕೊಳ್ಳಿ.

ಈ ವಚನವನ್ನು ಮೊದಲು ಮೆದು ಮಾಡಿದವರು ಅನುವಾದಕರಲ್ಲ. ಹೀಬ್ರೂ ಪ್ರತಿಯನ್ನು ತಲೆಮಾರಿನಿಂದ ತಲೆಮಾರಿಗೆ ಕಾಪಾಡಿದ ಯೆಹೂದ್ಯ ಲಿಪಿಕಾರರೇ ಮಾಡಿದರು. ಹೇಗೆ ಮಾಡಿದರು ಅನ್ನೋದನ್ನ ನೋಡಿ. ಹೀಬ್ರೂವನ್ನು ಹಳೆಯ ಕಾಲದಲ್ಲಿ ವ್ಯಂಜನ ಮಾತ್ರ ಬರೆದು ಬಿಡುತ್ತಿದ್ದರು. ಸ್ವರಚಿಹ್ನೆಗಳನ್ನು ಮಸೋರೆಟರು ಎಂಬ ವಿದ್ವಾಂಸರು ಎಷ್ಟೋ ಶತಮಾನಗಳ ಮೇಲೆ ಸೇರಿಸಿದರು. ಈ ವಚನಕ್ಕೆ ಬಂದಾಗ ಅವರು ಹಳೆಯ ಪದದ ಒಂದು ಅಕ್ಷರವನ್ನೂ ಅಳಿಸಲಿಲ್ಲ. ಪವಿತ್ರ ಪಾಠ, ಕೈ ಹಚ್ಚುವ ಹಾಗಿಲ್ಲ. ಆದರೆ ಆ ವ್ಯಂಜನಗಳ ಮೇಲೆ ಬೇರೊಂದು ಪದದ ಸ್ವರಗಳನ್ನು ಕೂಡಿಸಿ, ಅಂಚಿನಲ್ಲಿ ಆ ಬೇರೆ ಪದದ ವ್ಯಂಜನಗಳನ್ನು ಬರೆದರು. ಕಣ್ಣಿಗೆ ಕಾಣೋದು ಒಂದು, ಬಾಯಿ ಓದೋದು ಇನ್ನೊಂದು. ಬರೆದದ್ದಕ್ಕೆ ಕೆತೀವ್, ಓದುವುದಕ್ಕೆ ಕೆರೇ ಅಂತ ಹೆಸರು.

ಈ ವಚನದಲ್ಲಿ ಬರೆದ ಪದ ಹ-ರ-ಅ ಎಂಬ ಮೂರು ಅಕ್ಷರಗಳ ಬೇರಿನದು. ಓದಬೇಕಾದ ಪದ 'ತ್ಸೊಆ'. ಇದು 'ಹೊರಗೆ ಹೋಗು' ಅನ್ನುವ ಕ್ರಿಯಾಪದದಿಂದ ಬಂದದ್ದು, ಅಂದರೆ ಹೊರಬಂದದ್ದು. ನಮ್ಮಲ್ಲಿ 'ಹೊರಕಡಿಗಿ ಹೋಗೂದು' ಅಂತೀವಲ್ಲ, ಅದೇ ನಾಚಿಕೆ ಇಲ್ಲೂ ಇದೆ. ಎರಡನೆಯ ಪದಕ್ಕೆ ಬದಲಾಗಿ ಅಂಚಿನಲ್ಲಿರೋದು 'ಮೇಮೇ ರಗ್ಲೇಹೆಮ್', ಅವರ ಕಾಲುಗಳ ನೀರು. ನೀವು ನೋಡಿದ 'ನೀರು' ಇಲ್ಲಿಂದಲೇ ಬಂದದ್ದು. ಯೆಶಾಯ 36:12ರಲ್ಲಿ ಇದೇ ಕತೆ ಮತ್ತೆ ಬರುತ್ತದೆ, ಅಲ್ಲೂ ಅಂಚಿನಲ್ಲಿ ಇದೇ ತಿದ್ದುಪಡಿ.

ಇದು ಯಾರೋ ಒಬ್ಬ ಲಿಪಿಕಾರನ ಸಂಕೋಚ ಅಲ್ಲ. ಯೆಹೂದ್ಯರ ಹಳೆಯ ಧರ್ಮಶಾಸ್ತ್ರ ಗ್ರಂಥವಾದ ತಾಲ್ಮೂದಿನ ಮೆಗಿಲ್ಲಾ ಭಾಗದಲ್ಲಿ ಇದನ್ನು ನಿಯಮವಾಗಿಯೇ ಹೇಳಿದೆ: ಹೊಲಸಾಗಿ ಬರೆದ ಪದಗಳನ್ನು ಚೊಕ್ಕವಾಗಿ ಓದಬೇಕು. ಉದಾಹರಣೆಗೆ ಕೊಟ್ಟ ಪದಗಳಲ್ಲಿ ನಿಮ್ಮ ಈ ಎರಡೂ ಇವೆ.

ಹಳೇ ಹುಬ್ಬಳ್ಳಿ ಡ್ರೈವರ್

ಅಕ್ಕಾರ, ನಾ ಕುವೈತ್‌ನಾಗ ಆರ ವರ್ಷ ಗಾಡಿ ಓಡಿಸೀನಿ. ನೀವು ಹೇಳಿದ ಆ ಹ-ರ-ಅ ಪದ ಅರಬಿಯೊಳಗ ಈಗೂ ಐತ್ರಿ. ಅವರು 'ಖರಾ' ಅಂತಾರ. ಮನ್ಯಾಗ ಹೆಣ್ಣಮಕ್ಕಳ ಮುಂದ ಯಾರೂ ಆಡೂದಿಲ್ಲ. ಗ್ಯಾರೇಜಿನಾಗ, ರಸ್ತೇದಾಗ ಗಾಡಿಗೆ ಗಾಡಿ ತಾಗಿದಾಗ ಆಡ್ತಾರ. ಅಂದಮ್ಯಾಲ ಹೀಬ್ರೂದಾಗೂ ಅದು ಪಕ್ಕಾ ಹೊಲಸ ಮಾತ ಆತು. ಇನ್ನ ಸಂಶಯ ಯಾಕ?

ಸಾಧನಕೇರಿ ಓದುಗಿ

ಅಣ್ಣಾ, ಪದ ಗುರುತಿಸಿದ್ದು ಸರಿ, ಎರಡೂ ಒಂದೇ ಬೇರಿನವು. ಆದರೆ ಬೇರು ಒಂದೇ ಅಂತ ಮಾತಿನ ಮರ್ಯಾದೆಯೂ ಒಂದೇ ಆಗಬೇಕಿಲ್ಲ. ಅಕ್ಕ-ತಂಗಿ ಭಾಷೆಗಳಲ್ಲಿ ಒಂದೇ ಪದ ಒಂದು ಕಡೆ ಅಡುಗೆಮನೆಯಲ್ಲಿ, ಇನ್ನೊಂದು ಕಡೆ ಬೀದಿಯಲ್ಲಿ ಇರಬಹುದು. ಒಂದೇ ಭಾಷೆಯಲ್ಲಿ ಕಾಲ ಕಳೆದಂತೆಯೂ ಮರ್ಯಾದೆ ಇಳಿಯುತ್ತದೆ. ನಮ್ಮ ಹಳೆಯ ಶಾಸನಗಳಲ್ಲಿ 'ಸೂಳೆ' ಅನ್ನೋದು ದೇವಾಲಯದ ಸೇವೆಗೆ ಇದ್ದ ಹೆಣ್ಣುಮಕ್ಕಳನ್ನು ಹೇಳುವ ಸಾಮಾನ್ಯ ಪದ. ಶರಣೆಯೊಬ್ಬಳು ಸೂಳೆ ಸಂಕವ್ವೆ ಅಂತಲೇ ನಮಗೆ ಉಳಿದಿದ್ದಾಳೆ. ಇವತ್ತು ಅದೇ ಪದ ಬೈಗುಳ.

ಇಂಗ್ಲಿಷಿನಲ್ಲೂ ಈ ವಚನಕ್ಕೇ ಹೀಗಾಗಿದೆ. 1611ರ ಕಿಂಗ್ ಜೇಮ್ಸ್ ಬೈಬಲಿನಲ್ಲಿ ಇಲ್ಲಿ 'ಪಿಸ್' ಅಂತ ಅಚ್ಚಾಗಿದೆ. ಆಗ ಅದು ಚರ್ಚಿನಲ್ಲಿ ಗಟ್ಟಿಯಾಗಿ ಓದಬಹುದಾದ ಮಾತು. 1885ರ ಪರಿಷ್ಕರಣೆಗೆ ಬರುವಷ್ಟರಲ್ಲಿ ಅದು ಬಾಯಿಗೆ ಬಾರದ ಮಾತಾಗಿತ್ತು, ತೆಗೆದು 'ನೀರು' ಮಾಡಿದರು. ಅದಕ್ಕೂ ಮೊದಲೇ, 1833ರಲ್ಲಿ, ನಿಘಂಟು ಮಾಡಿದ ನೋವಾ ವೆಬ್‌ಸ್ಟರ್ ಅಮೆರಿಕದಲ್ಲಿ ಇಂಥ ಪದಗಳನ್ನು ತೆಗೆದು ಬೈಬಲನ್ನು ತಿದ್ದಿ ಅಚ್ಚು ಹಾಕಿಸಿದ್ದ. ಪಾಠ ಅಲ್ಲೇ ಇತ್ತು, ಕೇಳುವ ಕಿವಿ ಬದಲಾಗಿತ್ತು.

ಹಾಗಾದರೆ ಮೂಲ ಬರೆದಾಗಲೇ ಆ ಪದ ಒರಟಾಗಿತ್ತು ಅಂತ ಹೇಗೆ ಹೇಳೋದು? ತಾಲ್ಮೂದಿನ ಮಾತು ಬಹಳ ತಡವಾದದ್ದು, ಅದು ತನ್ನ ಕಾಲದ ಕಿವಿಗೆ ಸಾಕ್ಷಿ. ನನಗೆ ಹೆಚ್ಚು ತೂಕದ್ದು ಅನಿಸೋದು ಬೈಬಲಿನ ಒಳಗಿನ ಸಾಕ್ಷಿ. ಧರ್ಮೋಪದೇಶಕಾಂಡ 23ರಲ್ಲಿ ದಂಡಿನವರಿಗೆ ಶುಚಿಯ ಕಟ್ಟಳೆ ಇದೆ: ಪಾಳೆಯದ ಹೊರಗೆ ಹೋಗಿ, ಗೂಟದಿಂದ ತಗ್ಗು ತೋಡಿ, ಆಮೇಲೆ ಮುಚ್ಚಬೇಕು. ಅಲ್ಲಿ ಬಳಸಿರೋದು 'ಹೊರಬಂದದ್ದು' ಅನ್ನುವ ಚೊಕ್ಕ ಪದವೇ. ಯೆಹೆಜ್ಕೇಲನ 4ನೇ ಅಧ್ಯಾಯದಲ್ಲೂ ಮನುಷ್ಯನದಕ್ಕೆ ಅದೇ. ಅಂದರೆ ಚೊಕ್ಕ ಪದ ಆಗಲೇ ಭಾಷೆಯಲ್ಲಿತ್ತು. ರಬ್ಷಾಕೆಯ ಬಾಯಲ್ಲಿ ಮಾತ್ರ ಅದನ್ನು ಬಿಟ್ಟು ಇನ್ನೊಂದನ್ನು ಇಟ್ಟಿದ್ದಾರೆ. ಇದರಿಂದ ಪೂರ್ತಿ ಸಾಬೀತಾಯಿತು ಅನ್ನೋದಿಲ್ಲ, ಆದರೆ ಸುಮ್ಮನೆ ಬಂದ ಪದ ಅಂತ ನನಗೆ ಅನಿಸೋದಿಲ್ಲ.

ಹೊಸಯಲ್ಲಾಪುರ

ನಮಸ್ಕಾರ್ರಿ ಅಕ್ಕಾರ. ನಾ ಪ್ರತಿ ರವಿವಾರ ಚರ್ಚಿನಾಗ ಪಾಠ ಓದಾಕಿ. ನನ್ನ ಮುಂದ ಮೊದಲನೇ ಬೆಂಚಿನಾಗ ಏಳೆಂಟ ವರ್ಷದ ಹುಡುಗುರು ಕುಂತಿರತಾವ, ಹಿಂದ ನಮ್ಮ ಅತ್ತಿಯಾರು. 'ಹೇಲು' ಅಂತ ಮೈಕಿನಾಗ ಅಂದ್ರ ಹುಡುಗುರು ನಗತಾವ, ಮುಂದಿನ ಹತ್ತ ವಚನ ಯಾರ ಕಿವಿಗೂ ಬೀಳೂದಿಲ್ಲ. ಅರ್ಥ ತಿಳೀಲಿ ಅಂತ ಹಾಕಿದ ಶಬ್ದನ ಅರ್ಥ ಕೆಡಸತೈತಿ. 'ಮಲಮೂತ್ರ' ಅಂದ್ರ ಯಾರಿಗೆ ತಿಳಿಯೂದಿಲ್ಲ ಹೇಳ್ರಿ? ದವಾಖಾನ್ಯಾಗ ಹಂಗ ಅಂತಾರ, ಸಾಲಿ ಪುಸ್ತಕದಾಗ ಹಂಗ ಬರೀತಾರ. ಮೆದು ಮಾಡಿದವರೆಲ್ಲಾ ಮುಚ್ಚಿಡೂ ಮಂದಿ ಅಂತ ತಿಳೀಬ್ಯಾಡ್ರಿ. ಓದೂ ಬಾಯಿ ನಮ್ಮದು.

ಸಾಧನಕೇರಿ ಓದುಗಿ

ತಂಗೀ, ನಿಮ್ಮ ಮಾತಿಗೆ ನಾನು ತಲೆಬಾಗ್ತೀನಿ. ಮಸೋರೆಟರ ಕಷ್ಟವೂ ಸರಿಯಾಗಿ ನಿಮ್ಮದೇ. ಅವರ ಪಾಠ ಸಭೆಯಲ್ಲಿ ಗಟ್ಟಿಯಾಗಿ ಓದುವಂಥದು. ಅದಕ್ಕೇ ಅಕ್ಷರ ಉಳಿಸಿ ನಾಲಿಗೆಯನ್ನು ಮಾತ್ರ ತಿದ್ದಿದರು.

ಆದರೆ 'ಮಲಮೂತ್ರ'ದ ಬಗ್ಗೆ ಒಂದು ತಕರಾರು ಇದೆ, ಅದು ಈ ಕತೆಯ ಒಳಗಿಂದಲೇ ಹುಟ್ಟಿದ್ದು. 27ನೇ ವಚನದ ಹಿಂದಿನ ವಚನ ಓದಿ ನೋಡಿ. ಯೆರೂಸಲೇಮಿನಲ್ಲಿ ಆಳುತ್ತಿದ್ದ ಹಿಜ್ಕೀಯ ಅರಸನ ಕಡೆಯವರು ಮೂವರು, ಎಲ್ಯಾಕೀಮ್, ಶೆಬ್ನ, ಯೋವಾಹ, ರಬ್ಷಾಕೆಗೆ ಏನು ಬೇಡಿಕೊಳ್ಳುತ್ತಾರೆ? ನಮ್ಮ ಕೂಡ ಅರಾಮ್ಯ ಭಾಷೆಯಲ್ಲಿ ಮಾತಾಡು, ನಮಗೆ ತಿಳಿಯುತ್ತದೆ. ಯೆಹೂದ್ಯರ ಭಾಷೆಯಲ್ಲಿ ಆಡಬೇಡ, ಗೋಡೆ ಮೇಲಿನ ಜನ ಕೇಳ್ತಾರೆ. ಆ ಕಾಲಕ್ಕೆ ಅರಾಮ್ಯ ರಾಜಕಾರಣದ ಭಾಷೆ, ಅಧಿಕಾರಿಗಳಿಗೆ ಬರುತ್ತಿತ್ತು, ಬಿಲ್ಲು ಹಿಡಿದು ಗೋಡೆ ಮೇಲೆ ನಿಂತ ಸಾಮಾನ್ಯನಿಗೆ ಬರುತ್ತಿರಲಿಲ್ಲ. ರಬ್ಷಾಕೆ ಆ ಬೇಡಿಕೆಯನ್ನು ತಿರಸ್ಕರಿಸುತ್ತಾನೆ. ನನ್ನ ಅರಸ ನಿಮಗಷ್ಟೇ ಹೇಳಲು ಕಳಿಸಿದ್ದಾನೇನು, ಆ ಗೋಡೆ ಮೇಲಿನವರಿಗೂ ಹೇಳಬೇಕು ಅಂತಾನೆ. ಆ ಉಸಿರಿನಲ್ಲೇ ಈ ಎರಡು ಪದ ಬರುತ್ತವೆ. 28ನೇ ವಚನದಲ್ಲಿ ನಿಂತು, ದೊಡ್ಡ ದನಿ ತೆಗೆದು, ಅವರದೇ ಭಾಷೆಯಲ್ಲಿ ಕೂಗುತ್ತಾನೆ.

ಅಂದರೆ ಇಡೀ ಜಗಳ ಯಾವ ಭಾಷೆಯಲ್ಲಿ ಆಡಬೇಕು ಅನ್ನೋದೇ. ಮರ್ಯಾದಸ್ಥರಿಗೆ ತಿಳಿಯುವ ಭಾಷೆಯೋ, ಬೀದಿಯ ಭಾಷೆಯೋ? ನಮ್ಮ ಕನ್ನಡದಲ್ಲಿ ಸಂಸ್ಕೃತ ಆ ಅರಾಮ್ಯದ ಕೆಲಸ ಮಾಡುತ್ತದೆ. ನಾಚಿಕೆ ಬಂದಲ್ಲೆಲ್ಲ ನಾವು ಸಂಸ್ಕೃತದ ಪದ ಹೊದಿಸುತ್ತೀವಿ: ಮಲ, ಮೂತ್ರ, ಸ್ತನ, ಗರ್ಭಿಣಿ. ಋಗ್ವೇದವನ್ನು ಇಂಗ್ಲಿಷಿಗೆ ತಂದ ಗ್ರಿಫಿತ್ ಕೆಲವು ಋಕ್ಕುಗಳಿಗೆ ಬಂದಾಗ ಇಂಗ್ಲಿಷ್ ಬಿಟ್ಟು ಲ್ಯಾಟಿನ್ನಿನಲ್ಲಿ ಬರೆದು ಪುಸ್ತಕದ ಕೊನೆಗೆ ಸರಿಸಿದ. ಓದಿದ ಗಂಡಸರಿಗೆ ತಿಳಿಯಲಿ, ಉಳಿದವರಿಗೆ ಬೇಡ ಅನ್ನುವ ಲೆಕ್ಕ. ರಬ್ಷಾಕೆಯ ಬಾಯಲ್ಲಿ 'ಮಲಮೂತ್ರ' ಇಟ್ಟರೆ ಆ ಮೂವರು ಅಧಿಕಾರಿಗಳ ಬೇಡಿಕೆಯನ್ನು ಅನುವಾದಕರು ಈಡೇರಿಸಿದ ಹಾಗೆ. ನಮ್ಮ ಕಡೆ 'ಮಲ' ಅಂದರೆ ಇನ್ನೊಂದು ನೆನಪೂ ಬರುತ್ತದೆ: ಆಣವ, ಮಾಯಾ, ಕಾರ್ಮಿಕ ಅಂತ ಮಲತ್ರಯ ಕೇಳಿ ಬೆಳೆದ ಕಿವಿಗೆ ಅದು ಪ್ರವಚನದ ಪದ. ಅಲ್ಲಿ ಬೆದರಿಕೆ ಹುಟ್ಟೋದಿಲ್ಲ.

ಬೆದರಿಕೆ ಅಂದೆ, ಅದನ್ನೂ ಹೇಳಿಬಿಡ್ತೀನಿ. ಇದು ಬೈಗುಳವಲ್ಲ. ಕ್ರಿಸ್ತಪೂರ್ವ 701ರ ಆ ದಂಡಯಾತ್ರೆಯಲ್ಲಿ ಅಶ್ಶೂರದವರು ಲಾಕೀಷ್ ಪಟ್ಟಣವನ್ನು ಮುತ್ತಿ ಹಿಡಿದಿದ್ದರು. ಅದರ ಚಿತ್ರವನ್ನು ಸನ್ಹೇರೀಬ ನಿನೆವೆಯ ಅರಮನೆ ಗೋಡೆಗೆ ಕಲ್ಲಿನಲ್ಲಿ ಕೆತ್ತಿಸಿದ. ಮುತ್ತಿಗೆ ಬಿದ್ದ ಊರಲ್ಲಿ ಅನ್ನ ನೀರು ಮುಗಿದ ಮೇಲೆ ಏನು ಉಳಿಯುತ್ತದೆ ಅನ್ನೋದನ್ನ ಅವನು ಕೂಗಿ ಹೇಳ್ತಾ ಇದ್ದಾನೆ. ಕೇಳಿದವನ ಹೊಟ್ಟೆ ತೊಳಸಬೇಕು, ಬಾಗಿಲು ತೆಗೆಯಬೇಕು. ಅದಕ್ಕೇ ಆ ಪದ.

ವರದಾ ದಂಡಿ

ನಾ ಹೇಳಿದ್ದೂ ಅದನ್ನ ಅಕ್ಕಾರ! ಹಂಗಾದ್ರ ಎಲ್ಲಾ ಕಡೆ ಒರಟ ಶಬ್ದನ ಹಾಕಬೇಕಲ್ಲ. ಮೆದು ಮಾಡಿದ್ದ ಎಲ್ಲಾ ಸುಳ್ಳ.

ಸಾಧನಕೇರಿ ಓದುಗಿ

ಎಲ್ಲಾ ಕಡೆ ಅಲ್ಲ. ಅಲ್ಲೇ ಅನುವಾದಕ ಮೋಸ ಹೋಗೋದು. ಮೂಲವೇ ನಾಚಿಕೊಂಡಿದ್ದರೆ ನಾವೂ ನಾಚಿಕೊಳ್ಳಬೇಕು. ಒಂದನೇ ಸಮುವೇಲ 24ರಲ್ಲಿ ಸೌಲ ಅರಸ ಗವಿಯೊಳಗೆ ಹೋಗುತ್ತಾನೆ, ಒಳಗೆ ದಾವೀದ ಅಡಗಿದ್ದಾನೆ. ಸೌಲ ಯಾಕೆ ಹೋದ? ಹೀಬ್ರೂ ಹೇಳೋದು 'ತನ್ನ ಕಾಲು ಮುಚ್ಚಿಕೊಳ್ಳಲು' ಅಂತ. ಕೂತಾಗ ನಿಲುವಂಗಿ ಇಳಿದು ಕಾಲು ಮುಚ್ಚುತ್ತದೆ, ಅಷ್ಟು ಹೇಳಿ ಬಿಟ್ಟಿದ್ದಾರೆ. ಅಲ್ಲಿ ಯಾರಾದರೂ ಒರಟು ಪದ ಹಾಕಿದರೆ ಅದು ಮೂಲಕ್ಕೆ ದ್ರೋಹ. ಹಾಗಂತ 'ಕಾಲು ಮುಚ್ಚಿಕೊಂಡ' ಅಂತ ಅಕ್ಷರಕ್ಕೆ ಅಕ್ಷರ ಇಟ್ಟರೆ ನಿಮ್ಮ ಓಣಿಯ ಮುದುಕರು ಸೌಲ ಮಲಗಿದ ಅಂತ ತಿಳಿಯುತ್ತಾರೆ. ಅಲ್ಲಿಗೆ 'ಹೊರಕಡಿಗಿ ಕುಂತ' ಅಂದರೆ ಸರಿಯಾದ ಜೋಡಿ. ಹೇಳಿದ ಹಾಗೂ ಆಯಿತು, ಹೇಳದ ಹಾಗೂ ಆಯಿತು.

ಬೆಟಗೇರಿ ಮಾಸ್ತರ

ಅಕ್ಕಾರ, ಕಣ್ಣ ತೆರಿಸಿದ್ರಿ. ಅರಾಮ್ಯದ ಮಾತು ನಾನ ಹಿಂದಿನ ವಾರ ಬರದೀನಿ, ಆದ್ರ ಮುಂದಿನ ವಚನಕ್ಕ ಅದನ್ನ ಕೂಡಿಸಿ ನೋಡಿರಲಿಲ್ಲ. ಇನ್ನೊಂದ ಕೇಳತೀನಿ. ಅದ ಪುಸ್ತಕದ 6ನೇ ಅಧ್ಯಾಯದಾಗ ಸಮಾರ್ಯದ ಮುತ್ತಿಗಿ ಕತಿ ಐತಿ. ಬರಗಾಲ ಬಿದ್ದು, ಪಾರಿವಾಳದ್ದನ್ನ ಕಾಲು ಕಬ್ ಅಳತೆಗೆ ಐದು ಬೆಳ್ಳಿ ನಾಣ್ಯ ಕೊಟ್ಟ ಕೊಳ್ಳತಾರ. ನಾ ಇಂಗ್ಲಿಷ್ ನೋಡಿ ಮೊದಲ 'ಸಗಣಿ' ಅಂತ ಬರದಿದ್ದೆ. ನಮ್ಮವ್ವ ಕೇಳಿ, ಪಾರಿವಾಳ ಸಗಣಿ ಹಾಕತೈತೇನೋ ತಮ್ಮಾ ಅಂದ್ಲು.

ಸಾಧನಕೇರಿ ಓದುಗಿ

ನಿಮ್ಮ ಅವ್ವಾರು ಹೇಳಿದ್ದೇ ಸರಿ. ದನದ್ದು ಸಗಣಿ, ಕುದುರೆದು ಲದ್ದಿ, ಆಡು-ಕುರಿದು ಹಿಕ್ಕಿ, ಹಕ್ಕಿದೂ ಹಿಕ್ಕಿ. ಒಂದೊಂದಕ್ಕೂ ಬೇರೆ ಪದ ಇರುವ ಭಾಷೆ ನಮ್ಮದು, ಮತ್ತು ಇವು ಯಾವುವೂ ಹೊಲಸು ಮಾತಲ್ಲ. ಸಗಣಿಯಿಂದ ಅಂಗಳ ಸಾರಿಸ್ತೀವಿ. ಆ ವಚನದ ಹೀಬ್ರೂ ಪದದಲ್ಲೂ ಅದೇ ಹ-ರ-ಅ ಇದೆ, ಲಿಪಿಕಾರರು ಅಲ್ಲೂ ಅಂಚಿನಲ್ಲಿ ತಿದ್ದಿದ್ದಾರೆ. ಆದರೆ ಅಲ್ಲಿ ಯಾರೂ ಗೋಡೆ ಕಡೆ ಕೂಗ್ತಾ ಇಲ್ಲ, ಅದು ಸಂತೆಯ ಬೆಲೆ ಹೇಳುವ ಮಾತು. ಅದು ನಿಜವಾಗಿ ಹಿಕ್ಕಿಯೋ, ಯಾವುದೋ ಕಾಳು-ಗಡ್ಡೆಗೆ ಇದ್ದ ಅಡ್ಡಹೆಸರೋ ಅನ್ನೋದರ ಬಗ್ಗೆ ವಿದ್ವಾಂಸರಲ್ಲಿ ಒಮ್ಮತ ಇಲ್ಲ. ನಾನಾದರೆ 'ಪಾರಿವಾಳದ ಹಿಕ್ಕಿ' ಅಂತ ಬರೆದು ಮುಂದೆ ಹೋಗ್ತೀನಿ.

ಹಳೇ ಹುಬ್ಬಳ್ಳಿ ಡ್ರೈವರ್

ದಾವೀದ ಸಿಟ್ಟಿಗೆದ್ದು ಗ್ವಾಡಿಗೆ ಉಚ್ಚಿ ಹೊಯ್ಯಾವ್ರನ್ನ ಒಬ್ಬನ್ನೂ ಉಳಸೂದಿಲ್ಲ ಅಂತಾನಂತಲ್ರಿ, ಅದು ಖರೇ ಏನ್ರಿ? ಕೂಡ ಕೆಲಸ ಮಾಡೂ ಕೇರಳದಾವ ಒಬ್ಬ ಹೇಳಿದ್ದ. ನಾ ನಂಬಿರಲಿಲ್ಲ.

ಸಾಧನಕೇರಿ ಓದುಗಿ

ಖರೇ ಐತಿ. ನಾಬಾಲನ ಮೇಲಿನ ಸಿಟ್ಟಿನಲ್ಲಿ ದಾವೀದ ಆಡಿದ್ದು, ಒಂದನೇ ಸಮುವೇಲ 25ರಲ್ಲಿ ಎರಡು ಸಲ ಬರುತ್ತದೆ. ಅರಸುಗಳ ಪುಸ್ತಕಗಳಲ್ಲಿ ಇನ್ನೂ ನಾಲ್ಕು ಸಲ. ಆರೂ ಕಡೆ ಒಂದು ಮನೆತನವನ್ನೇ ನಿರ್ನಾಮ ಮಾಡುವ ಮಾತಿನಲ್ಲೇ ಬಂದಿದೆ. ವೆಬ್‌ಸ್ಟರ್ ಇದನ್ನು 'ಗಂಡಸು' ಮಾಡಿದ, ಈಗಿನ ಬಹಳ ಅನುವಾದಗಳೂ ಹಾಗೇ ಮಾಡುತ್ತವೆ. ಅರ್ಥ ತಪ್ಪಲ್ಲ. ಆದರೆ 'ಗಂಡಸು' ಅನ್ನೋದು ಜನಗಣತಿಯ ಪದ. ಈ ಮಾತಿನಲ್ಲಿ ತಿರಸ್ಕಾರ ಇದೆ. ವಿಚಿತ್ರ ಅಂದರೆ, ಇದನ್ನು ಲಿಪಿಕಾರರು ಅಂಚಿನಲ್ಲಿ ತಿದ್ದಲೇ ಇಲ್ಲ. ಅವರ ಕಿವಿಗೆ ಇದು ಒರಟು ಅನಿಸಲಿಲ್ಲವೋ, ರೂಢಿಯ ನುಡಿಗಟ್ಟು ಅಂತ ಬಿಟ್ಟರೋ, ನನಗೂ ಇದು ವರ್ಷಗಳಿಂದ ಬಗೆಹರಿಯದ ಪ್ರಶ್ನೆ.

ಹೊಸಯಲ್ಲಾಪುರ

ಅಕ್ಕಾರ, ನೀವು ಹೇಳಿದ ಅರಾಮ್ಯದ ಮಾತು ನಾ ಒಪ್ಪಿದೆ. ಆದ್ರ ಮೈಕಿನ ಮುಂದ ನಿಲ್ಲಾಕಿ ನಾನ. ಲಿಪಿಕಾರರ ದಾರಿ ನಾವೂ ಹಿಡದ್ರ ಹ್ಯಾಂಗ? ಕಾಗದದ ಮ್ಯಾಲ 'ಹೇಲು, ಉಚ್ಚಿ' ಇರಲಿ. ಅಂಚಿನಾಗ, ಸಭಾದಾಗ ಓದಾಗ 'ತಮ್ಮ ಹೊಲಸು ತಾವ ತಿಂದು' ಅಂತ ಓದ್ರಿ ಅಂತ ಬರೀರಿ. 'ಹೊಲಸು' ಸಂಸ್ಕೃತ ಅಲ್ಲ, ನಮ್ಮ ಮಾತ, ಹೇಸಿಗಿನೂ ಬರತೈತಿ, ಹುಡುಗುರೂ ನಗೂದಿಲ್ಲ.

ವರದಾ ದಂಡಿ

ನಾ ಒಪ್ಪೂದಿಲ್ರಿ. ಹೊಲಸು ಅಂದ್ರ ರಾಡಿನೂ ಆಗತೈತಿ, ಕಸಾನೂ ಆಗತೈತಿ. ರಬ್ಷಾಕೆ ಕಸ ತಿನ್ರಿ ಅಂದಿಲ್ಲ. ನನ್ನ ಮಗ ಆ ಸಾಲಿಗೆ ಬಂದು ತಡವರಿಸಿ ಇಳದ ಬಂದದ್ದಕ್ಕ ನಾ ಇನ್ನೂ ಮರಗತೀನಿ.

ಬೆಟಗೇರಿ ಮಾಸ್ತರ

ನಿನ್ನೆ ಸಂಜಿಕ ಎರಡೂ ಥರ ಓದಿ ತೋರಿಸಿದೆ. ಮೊದಲ 26ನೇ ವಚನ ನಿಧಾನಕ್ಕ ಓದಿ, ಆ ಮೂರ ಮಂದಿ ಯಾಕ ಬೇರೆ ಭಾಷೆ ಕೇಳಿದ್ರು ಅಂತ ಹೇಳಿದೆ. ಆಮ್ಯಾಲ 'ಈ ಗ್ವಾಡಿ ಮ್ಯಾಲ ಕುಂತಾವ್ರು ನಿಮ್ಮ ಕೂಡ ತಮ್ಮ ಹೇಲ ತಾವ ತಿಂದು, ತಮ್ಮ ಉಚ್ಚಿ ತಾವ ಕುಡೀತಾರಲ್ಲ, ಅವರಿಗೂ ಹೇಳಾಕ ನನ್ನ ಕಳಿಸ್ಯಾನ' ಅಂತ ಓದಿದೆ. ಯಾರೂ ನಗಲಿಲ್ಲ. ಹೋದ ಸಲ ಪುಸ್ತಕ ಮುಚ್ಚಿದ ಹಿರಿಯಾರು ಈ ಸಲ ಮುಚ್ಚಲಿಲ್ಲ, ಆದ್ರ ಬರದದ್ದು ಇರಲಿ, ಹೆಣ್ಣಮಕ್ಕಳು ಓದೂ ಪಾಳಿ ಬಂದಾಗ ಅಂಚಿಂದು ಓದ್ಲಿ ಅಂದ್ರು. ಅದಕ್ಕ ಇಬ್ಬರು ಹೆಣ್ಣಮಕ್ಕಳು, ನಾವ ಯಾಕ ಬ್ಯಾರೆ ಓದಬೇಕು ಅಂತ ತಕರಾರ ತಗದಾರ. ಮುಂದಿನ ರವಿವಾರ ಅದರ ಮ್ಯಾಲ ಮಾತು. ಸದ್ಯಕ್ಕ ಎರಡೂ ಬರದ ಇಟ್ಟೀನಿ.

ಹಳೇ ಹುಬ್ಬಳ್ಳಿ ಡ್ರೈವರ್

ಅರಬಿ ಬೈಬಲ್‌ನಾಗ ಈ ವಚನಕ್ಕ ಏನ ಹಾಕ್ಯಾರ ಅಂತ ಕುವೈತ್‌ನಾಗಿನ ನಮ್ಮ ಹಳೇ ಜೊತಿಗಾರಗ ಫೋನ್ ಹಚ್ಚಿ ಕೇಳತೀನ್ರಿ. ಅವ ಲೆಬನಾನಿನ ಕ್ರಿಶ್ಚನ್. ಗೊತ್ತಾದಕೂಡ್ಲೆ ಇಲ್ಲೆ ಬರೀತೀನಿ.